ಸಂಬಳ ಬೇಡ, ಸೀಟ್ ಇರ್ಲಿ: ಅಮ್ಮನಿಗೋಸ್ಕರ ಮೂರು ತಿಂಗಳು ರಜೆ ಕೇಳಿದ್ದರ ಲೆಕ್ಕ

"ದುಡ್ಡೇ ಕೇಳ್ತಿಲ್ವಲ್ಲ, ರಜೆ ಕೊಡೋಕೆ ಅವ್ರಿಗೇನು ಕಷ್ಟ?" ಅಂತ ಅತ್ತಿಗೆ ಫೋನಲ್ಲಿ ಕೇಳಿದ್ರು. ಸಂಬಳ ಇಲ್ದೇ ರಜೆ ಅಂದ್ರೆ ಎಲ್ರೂ ಅಂದ್ಕೊಳ್ಳೋದು ಹಾಗೇನೇ. ನಾನು ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಪೇರೋಲ್ ನೋಡ್ಕೊಳ್ಳೋಳು, ಬೇರೆಯವ್ರ ಎಲ್ಒಪಿ ಅಂದ್ರೆ ಲಾಸ್ ಆಫ್ ಪೇ ಎಂಟ್ರಿ ಹಾಕಿ ಹಾಕಿ ಕೈ ಸವೆದಿದೆ, ಹಾಗಾಗಿ ಸಂಬಳ ನಿಂತಾಗ ಅದರ ಬಾಲ ಹಿಡ್ಕೊಂಡು ಇನ್ನೂ ಏನೇನು ನಿಲ್ಲುತ್ತೆ ಅಂತ ಗೊತ್ತಿತ್ತು. ರಜೆ ಕೇಳೋದರಲ್ಲಿ ನಿಜವಾದ ಕೆಲ್ಸ ಇರೋದು ಅಲ್ಲೇ. ಸಂಬಳ ಬೇಡ ಅನ್ನೋದು ಸುಲಭ, ಅದನ್ನ ಬಿಟ್ಟು ಉಳಿದದ್ದೆಲ್ಲ ಹಾಗೇ ಇರ್ಲಿ ಅಂತ ಕೇಳೋದಿದ್ಯಲ್ಲ, ಅದನ್ನ ಸರಿಯಾಗಿ ಕೇಳ್ಬೇಕು.

2024ರ ಮೇ ಕೊನೆಯಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯ್ತು. ಅಮ್ಮನಿಗೆ ಎಪ್ಪತ್ತಮೂರು, ಅಪ್ಪ ಇಲ್ಲ, ಸಾಗರದ ಹತ್ರ ಮನೆಯಲ್ಲಿ ಒಬ್ರೇ ಇದ್ದಿದ್ದು. ಪಕ್ಕದ ಮನೆಯವ್ರು ನೋಡಿ ಸಾಗರದಿಂದ ಶಿವಮೊಗ್ಗಕ್ಕೆ ಆಂಬುಲೆನ್ಸಲ್ಲಿ ಕಳಿಸಿದ್ರು, ಬಲಗೈ ಬಲಗಾಲು ಬಿದ್ದಿತ್ತು, ಮಾತು ಹೋಗಿತ್ತು, ನುಂಗೋಕೂ ಆಗ್ತಿರ್ಲಿಲ್ಲ. ಡಿಸ್ಚಾರ್ಜ್ ಮಾಡೋವಾಗ ಮೂಗಲ್ಲಿ ರೈಲ್ಸ್ ಟ್ಯೂಬ್ ಹಾಕೇ ಕಳಿಸಿದ್ರು. ನ್ಯೂರಾಲಜಿ ಡಾಕ್ಟ್ರು ಒಂದು ಮಾತು ಸ್ಪಷ್ಟವಾಗಿ ಹೇಳಿದ್ರು, ಸ್ಟ್ರೋಕ್ ಆದ್ಮೇಲೆ ಸುಧಾರಣೆ ಹೆಚ್ಚು ಆಗೋದು ಮೊದಲ ಮೂರು ತಿಂಗಳಲ್ಲಿ, ಆಮೇಲೂ ಆಗುತ್ತೆ ಆದ್ರೆ ನಿಧಾನ, ಈಗ ಫಿಸಿಯೋ ತಪ್ಪಿಸ್ಬೇಡಿ ಅಂತ. ನನ್ನ "ಮೂರು ತಿಂಗಳು" ಬಂದಿದ್ದು ಅಲ್ಲಿಂದ. ಸುಮ್ನೆ ಬಾಯಿಗೆ ಬಂದ ಸಂಖ್ಯೆ ಅಲ್ಲ. ಆಫೀಸಲ್ಲಿ ಯಾರಾದ್ರೂ "ಯಾಕೆ ಮೂರು, ಒಂದು ಸಾಕಾಗಲ್ವಾ" ಅಂತ ಕೇಳಿದ್ರೆ ಕೊಡೋಕೆ ಒಂದು ಉತ್ತರ ಇತ್ತು.

ಮೊದಲು ಮ್ಯಾನೇಜರ್ ಹೇಳಿದ್ದು ವರ್ಕ್ ಫ್ರಮ್ ಹೋಮ್. "ಊರಿಂದಾನೇ ಮಾಡಿ ಮೇಡಂ, ಲೀವ್ ಯಾಕೆ ಹಾಳು ಮಾಡ್ಕೋತೀರಾ." ಅವ್ರು ಒಳ್ಳೆ ಮನಸ್ಸಿಂದಾನೇ ಹೇಳಿದ್ದು, ಸುಮಾರು ಜನ ಅದಕ್ಕೆ ಒಪ್ಕೋತಾರೆ ಕೂಡ. ನಾನು ಅವ್ರಿಗೆ ಅಮ್ಮನ ಒಂದು ದಿನ ವಿವರಿಸಿದೆ. ಬೆಳಿಗ್ಗೆ ಆರಕ್ಕೆ ಮೊದಲ ಫೀಡ್, ಆಮೇಲೆ ಎರಡೂವರೆ ಮೂರು ಗಂಟೆಗೊಂದು. ಪ್ರತಿ ಸಲ ಹಾಸಿಗೆಯ ತಲೆ ಕಡೆ ಎತ್ತಿ ಕೂರಿಸ್ದಂಗೆ ಮಾಡ್ಬೇಕು, ಟ್ಯೂಬ್ ಮೇಲೆ ಮೂಗಿನ ಹತ್ರ ಹಾಕಿರೋ ಗುರುತು ಜಾಗದಲ್ಲೇ ಇದ್ಯಾ ನೋಡ್ಬೇಕು, ಸೋಸಿದ ರಾಗಿ ಗಂಜಿನೋ ಹಾಲೋ ಇನ್ನೂರು ಎಂಎಲ್, ತಳ್ಳಬಾರ್ದು, ಸಿರಿಂಜ್ ಎತ್ತಿ ಹಿಡಿದು ತಾನಾಗೇ ಇಳಿಯೋಕೆ ಬಿಡ್ಬೇಕು, ಕೊನೆಗೆ ಸ್ವಲ್ಪ ನೀರು ಬಿಟ್ಟು ಟ್ಯೂಬ್ ತೊಳೀಬೇಕು, ಮತ್ತೆ ಅರ್ಧ ಗಂಟೆ ಮಲಗಿಸೋ ಹಾಗಿಲ್ಲ. ಆತುರ ಮಾಡಿ ಮಲಗಿಸಿದ್ರೆ ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುತ್ತೆ, ನ್ಯುಮೋನಿಯಾ ಬರೋದು ಹಾಗೆ. ಇದರ ಮಧ್ಯೆ ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸ್ಬೇಕು, ಇಲ್ಲಾಂದ್ರೆ ಸೊಂಟದ ಹತ್ರ ಬೆಡ್‌ಸೋರ್. ರಾತ್ರಿನೂ. ಇಷ್ಟೆಲ್ಲ ಹೇಳಿ, "ಸರ್, ಇಪ್ಪತ್ತೈದನೇ ತಾರೀಕು ಸ್ಯಾಲರಿ ಫೈಲ್ ಬ್ಯಾಂಕಿಗೆ ಹಾಕೋವಾಗ ನಾನು ಸಿರಿಂಜ್ ಹಿಡ್ಕೊಂಡಿದ್ರೆ ಎರಡರಲ್ಲಿ ಒಂದು ಕೆಡುತ್ತೆ, ಅದೂ ಅಲ್ದೆ ಜುಲೈನಲ್ಲಿ ನಮ್ಮೂರಲ್ಲಿ ಕರೆಂಟ್ ಯಾವಾಗ ಇರುತ್ತೆ ಅಂತ ಮೆಸ್ಕಾಂನವ್ರಿಗೇ ಗೊತ್ತಿರಲ್ಲ" ಅಂದೆ. ಅವ್ರು ನಕ್ಕರು, ಆಮೇಲೆ ವರ್ಕ್ ಫ್ರಮ್ ಹೋಮ್ ಮಾತು ಎತ್ಲಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಕಷ್ಟ ಅಂತ ಹೇಳೋದಕ್ಕಿಂತ ದಿನಚರಿ ಹೇಳೋದು ಒಳ್ಳೇದು, ಯಾಕಂದ್ರೆ ಕಷ್ಟಕ್ಕೆ ಸಮಾಧಾನ ಹೇಳಿ ಕಳಿಸ್ಬಹುದು, ದಿನಚರಿ ಕೇಳಿದ ಮೇಲೆ ಏನಾದ್ರೂ ದಾರಿ ಹುಡುಕ್ಲೇಬೇಕಾಗುತ್ತೆ.

ಕಾನೂನಿನ ವಿಷ್ಯ ಒಂದೆರಡು ಮಾತು. ಹೆರಿಗೆಗೆ 26 ವಾರ ರಜೆ ಕಾನೂನಲ್ಲೇ ಇದೆ. ಅಪ್ಪ ಅಮ್ಮನ್ನ ನೋಡ್ಕೊಳ್ಳೋಕೆ ಪ್ರೈವೇಟ್ ಕೆಲಸದವ್ರಿಗೆ ಅಂಥದ್ದೇನೂ ಇಲ್ಲ. ತಮಾಷೆ ಏನು ಅಂದ್ರೆ ಹಿರಿಯ ನಾಗರಿಕರ ಪಾಲನೆ ಬಗ್ಗೆ 2007ರ ಕಾಯ್ದೆ ಇದೆ, ಮಕ್ಕಳು ನೋಡ್ಕೊಳ್ಳಲೇಬೇಕು ಅನ್ನುತ್ತೆ, ಆದ್ರೆ ನೋಡ್ಕೊಳ್ಳೋಕೆ ರಜೆ ಕೊಡ್ಬೇಕು ಅಂತ ಯಾವ ಆಫೀಸಿಗೂ ಹೇಳಲ್ಲ. ನಮ್ಮಂಥ ಆಫೀಸುಗಳಿಗೆ ಅನ್ವಯ ಆಗೋ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಇಪ್ಪತ್ತು ದಿನ ಕೆಲ್ಸಕ್ಕೆ ಒಂದು ದಿನ ಗಳಿಕೆ ರಜೆ ಇದೆ, ಅದು ನಮ್ಮ ಹಕ್ಕು. ಅದು ಮುಗಿದ ಮೇಲೆ ಎಲ್ಲಾ ಕಂಪನಿಯ ಪಾಲಿಸಿ ಮತ್ತು ಮ್ಯಾನೇಜರ್ ಮರ್ಜಿ. ಅಂದ್ರೆ ಇಲ್ಲ ಅಂದ್ರೆ ವಾದ ಮಾಡೋಕೆ ಏನೂ ಇಲ್ಲ. ಹಾಗಾಗೇ ಹೂಂ ಅನ್ನೋದನ್ನ ಅವ್ರಿಗೆ ಸುಲಭ ಮಾಡಿ ಕೊಡ್ಬೇಕು.

ಅಣ್ಣ ಪುಣೆಯಲ್ಲಿರೋದು. ಅವ್ನು ಹೇಳಿದ್ದು, "ಅವ್ರ ಹತ್ರ ಕೈಕಟ್ಟಿ ಯಾಕೆ ನಿಲ್ತೀಯಾ, ರಿಸೈನ್ ಮಾಡು, ಆಮೇಲೆ ಬೇರೆ ಸಿಗುತ್ತೆ." (ಅವ್ನ ಕೆಲ್ಸ ಬಿಡೋ ಮಾತು ಅವ್ನ ಬಾಯಲ್ಲಿ ಬರ್ಲಿಲ್ಲ ಅನ್ನೋದನ್ನ ಇಲ್ಲಿ ಬರೆದಿಡ್ತೀನಿ, ಓದ್ಕೊಳ್ಳಿ ಅಣ್ಣ.) ಅವತ್ತು ರಾತ್ರಿ ಆಸ್ಪತ್ರೆ ಕಾರಿಡಾರಲ್ಲಿ ಕೂತು ಡಿಸ್ಚಾರ್ಜ್ ಬಿಲ್ಲಿನ ಹಿಂದೆ ಎರಡನ್ನೂ ಲೆಕ್ಕ ಹಾಕಿದೆ.

ನನ್ನ ಕೈಗೆ ಬರೋದು ತಿಂಗಳಿಗೆ ಐವತ್ತೆಂಟು ಸಾವಿರ, ಬೇಸಿಕ್ ಮೂವತ್ತು ಸಾವಿರ. ಖಾತೆಯಲ್ಲಿ 27 ದಿನ ಗಳಿಕೆ ರಜೆ ಇತ್ತು. ಜೂನ್ 18ರಿಂದ ಸೆಪ್ಟೆಂಬರ್ 17ರ ತನಕ ರಜೆ ಅಂತ ಇಟ್ಕೊಂಡ್ರೆ, ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಆ ಇಪ್ಪತ್ತೇಳು ದಿನವೇ ಜುಲೈ ಕೊನೆ ವಾರದ ತನಕ ಎಳೆಯುತ್ತೆ. ಅಂದ್ರೆ ಮೂರು ತಿಂಗಳ ರಜೆಯಲ್ಲಿ ಪೂರ್ತಿ ಸೊನ್ನೆ ಸಂಬಳ ಬರೋದು ಆಗಸ್ಟ್ ಒಂದೇ, ಜುಲೈನಲ್ಲಿ ಒಂದು ವಾರದ್ದು, ಸೆಪ್ಟೆಂಬರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಟ್ ಆಗುತ್ತೆ. ಒಟ್ಟು ಒಂದು ಲಕ್ಷದ ಆಸುಪಾಸು ನಷ್ಟ. ಒಂದು ಎಚ್ಚರ ಇದ್ರಲ್ಲಿ, ಗಳಿಕೆ ರಜೆ ಹಾಕಿದಾಗ ಶನಿವಾರ ಭಾನುವಾರ ಲೆಕ್ಕಕ್ಕೆ ಬರ್ದೇ ಇರ್ಬಹುದು, ಆದ್ರೆ ಎಲ್ಒಪಿ ಶುರುವಾದ ಮೇಲೆ ಸುಮಾರು ಕಡೆ ಮಧ್ಯದ ವೀಕೆಂಡೂ ಸೇರಿಸಿ ಕ್ಯಾಲೆಂಡರ್ ದಿನದ ಮೇಲೆ ಕಟ್ ಮಾಡ್ತಾರೆ, ನಾನೇ ಮಾಡ್ತೀನಿ, ಹಾಗಾಗಿ ಕೇಳ್ದೇ ಲೆಕ್ಕ ಹಾಕ್ಬೇಡಿ.

ಈಗ ರಾಜೀನಾಮೆ ಪಕ್ಷ. ನೋಟಿಸ್ ಪೀರಿಯಡ್ ಎರಡು ತಿಂಗಳು. ಅಮ್ಮ ಹಾಸಿಗೆಯಲ್ಲಿದ್ದಾರೆ, ನಾನು ಎರಡು ತಿಂಗಳು ಆಫೀಸಲ್ಲಿ ಕೂತ್ರೆ ಆ ಮೂರು ತಿಂಗಳಲ್ಲಿ ಎರಡು ಹೋಯ್ತು. ಕೂರಲ್ಲ ಅಂದ್ರೆ ಎರಡು ತಿಂಗಳ ಸಂಬಳ ನಾನೇ ತಿರುಗಿಸಿ ಕಟ್ಬೇಕು. ಅದಕ್ಕಿಂತ ಹೆಚ್ಚಾಗಿ, ನಾನು ಸೇರಿದ್ದು 2019ರ ಡಿಸೆಂಬರ್. ಗ್ರಾಚ್ಯುಟಿ ಸಿಗೋಕೆ ಬೇಕಾದ ಐದು ವರ್ಷ ಆಗೋಕೆ ಇನ್ನು ಆರು ತಿಂಗಳು. ಆಗ ನಮಗೆ ಅನ್ವಯ ಆಗ್ತಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ ಬೇಸಿಕ್ಕನ್ನ 26ರಿಂದ ಭಾಗಿಸಿ, ಹದಿನೈದರಿಂದ ಗುಣಿಸಿ, ವರ್ಷದಿಂದ ಗುಣಿಸಿದ್ರೆ ಐದು ವರ್ಷಕ್ಕೆ 86,538 ರೂಪಾಯಿ. ಜೂನಲ್ಲಿ ಬಿಟ್ಟಿದ್ರೆ ಅದು ಸೊನ್ನೆ. ಅದೇ ಮಂಜೂರಾದ ರಜೆ ಆದ್ರೆ, ಸಂಬಳ ಇರ್ಲಿ ಇಲ್ದಿರ್ಲಿ, ಸೇವೆ ಮುರಿಯಲ್ಲ, ಮುಂದುವರೀತಾ ಹೋಗುತ್ತೆ ಅಂತ ಆ ಕಾಯ್ದೆಯಲ್ಲೇ ಇತ್ತು. ರಜೆಗೆ ಹೋಗೋ ನಷ್ಟ ಒಂದು ಲಕ್ಷ, ಬಿಟ್ರೆ ಗ್ರಾಚ್ಯುಟಿ ಒಂದರಲ್ಲೇ ಅಷ್ಟರ ಹತ್ರ ಹೋಗ್ತಿತ್ತು, ಮೇಲೆ ನೋಟಿಸ್ ದುಡ್ಡು. ಅಣ್ಣನಿಗೆ ಆ ಬಿಲ್ಲಿನ ಹಿಂಬದಿ ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಎರಡು ನೀಲಿ ಟಿಕ್ ಬಂತು, ಅರ್ಧ ಗಂಟೆ ಬಿಟ್ಟು "ಸರಿ, ಆಗಸ್ಟ್ ಸೆಪ್ಟೆಂಬರ್ ನಿನ್ನ ಹೌಸಿಂಗ್ ಲೋನ್ ಇಎಂಐ ನಾನು ಹಾಕ್ತೀನಿ" ಅಂತ ಬಂತು. ನೋಡ್ಕೊಳ್ಳೋರು ಒಬ್ರು ಅಂದ್ರೆ ಅವ್ರ ಸಂಬಳದ ತೂತು ಮುಚ್ಚೋರು ಇನ್ನೊಬ್ರು ಆಗ್ಬೇಕು ಅಂತ ನನ್ನ ಗಟ್ಟಿ ನಂಬಿಕೆ, ಅದನ್ನ ರಜೆಗೆ ಹೋಗೋ ಮುಂಚೆನೇ ಮಾತಾಡ್ಬೇಕು, ಆಮೇಲೆ ಕೇಳಿದ್ರೆ ಜಗಳ ಆಗುತ್ತೆ.

ಆದ್ರೆ ರಾಜೀನಾಮೆ ಬೇಡ ಅನ್ನೋಕೆ ನನಗಿದ್ದ ಮೊದಲ ಕಾರಣ ಗ್ರಾಚ್ಯುಟಿ ಅಲ್ಲ, ಇನ್ಶೂರೆನ್ಸ್. ಅಮ್ಮ ನನ್ನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿದ್ದಾರೆ. ಈ ವಯಸ್ಸಲ್ಲಿ, ಬಿಪಿ ಶುಗರ್ ಇಟ್ಕೊಂಡು, ಸ್ಟ್ರೋಕ್ ಆದ್ಮೇಲೆ ಹೊರಗಡೆ ಹೊಸ ಪಾಲಿಸಿ ಕೇಳೋಕೆ ಹೋಗಿ ನೋಡಿ, ಏಜೆಂಟ್ ಫೋನೇ ತೆಗೆಯಲ್ಲ. ನಾನು ಕೆಲ್ಸ ಬಿಟ್ಟ ದಿನವೇ ಅಮ್ಮನ ಕವರ್ ಹೋಗುತ್ತೆ. ಇದು ಎಲ್ರಿಗೂ ಗೊತ್ತು. ಗೊತ್ತಿಲ್ದೇ ಇರೋದು ಏನು ಅಂದ್ರೆ ಸಂಬಳ ಇಲ್ಲದ ರಜೆಯಲ್ಲೂ ಅದು ಹೋಗ್ಬಹುದು. ಹೇಗೆ ಅಂದ್ರೆ, ಅಪ್ಪ ಅಮ್ಮನ ಪ್ರೀಮಿಯಂ ಸುಮಾರು ಕಂಪನಿಗಳಲ್ಲಿ ಉದ್ಯೋಗಿಯ ಸಂಬಳದಿಂದ ತಿಂಗಳು ತಿಂಗಳು ಹಿಡೀತಾರೆ, ನನ್ನದು 1,450 ರೂಪಾಯಿ. ಆಗಸ್ಟಲ್ಲಿ ನನ್ನ ಸಂಬಳ ಸೊನ್ನೆ, ಸೊನ್ನೆಯಿಂದ ಸಾಫ್ಟ್‌ವೇರ್ ಏನನ್ನೂ ಕಳೆಯಲ್ಲ, ಅದು ಎರರ್ ಕೂಡ ಕೊಡಲ್ಲ, ಸುಮ್ನೆ ಆ ಸಾಲು ಖಾಲಿ ಬಿಟ್ಟು ಮುಂದೆ ಹೋಗುತ್ತೆ. ಇನ್ನು ಕೆಲವು ಕಡೆ ಮೂವತ್ತು ದಿನಕ್ಕಿಂತ ಜಾಸ್ತಿ ಎಲ್ಒಪಿ ಇದ್ರೆ ಆ ಹೆಸ್ರನ್ನ ಇನಾಕ್ಟಿವ್ ಮಾಡಿ, ಇನ್ಶೂರೆನ್ಸ್ ಕ್ಲೇಮ್ ನೋಡ್ಕೊಳ್ಳೋ ಏಜೆನ್ಸಿ ಅಂದ್ರೆ ಟಿಪಿಎಗೆ ಕಳಿಸೋ ಪಟ್ಟಿಯಿಂದ ತೆಗೀತಾರೆ. ಅಮ್ಮನ್ನ ನೋಡ್ಕೊಳ್ಳೋಕೆ ಅಂತ ರಜೆ ತಗೊಂಡು, ಆ ರಜೆಯಿಂದಾನೇ ಅಮ್ಮನ ಆಸ್ಪತ್ರೆ ಕವರ್ ಕಳ್ಕೊಳ್ಳೋದು. ಪೇರೋಲ್ ಕಡೆ ಕೂತವ್ರು ಬಿಟ್ರೆ ಇದು ಯಾರ ಕಣ್ಣಿಗೂ ಬೀಳಲ್ಲ, ಬೀಳೋದು ಅಡ್ಮಿಷನ್ ಕೌಂಟರಲ್ಲೇ.

ಅದಕ್ಕೆ ರಜೆ ಕೇಳಿ ಬರ್ದ ನನ್ನ ಇಮೇಲಲ್ಲಿ ಇದಕ್ಕೇ ಒಂದು ಪ್ಯಾರಾ ಇತ್ತು. ಮೇಲ್ ಇಂಗ್ಲಿಷಲ್ಲೇ ಬರ್ದಿದ್ದು, ಸಾರ ಹೇಳ್ತೀನಿ. ಮೊದಲ ವಾಕ್ಯದಲ್ಲೇ ತಾರೀಕು: ಇಂಥ ದಿನದಿಂದ ಇಂಥ ದಿನದ ತನಕ ರಜೆ ಬೇಕು, ಮೊದಲು ಗಳಿಕೆ ರಜೆ, ಅದು ಮುಗಿದ ಮೇಲೆ ಸಂಬಳ ಇಲ್ಲದ ರಜೆ, ಇಂಥ ದಿನ ವಾಪಸ್. "ಕೆಲವು ತಿಂಗಳು" ಅಂತ ಬರೀಬೇಡಿ ದಯವಿಟ್ಟು, ಕೊನೆ ದಿನ ಇಲ್ಲದ ರಜೆ ಕಂಡ್ರೆ ಎಚ್ಆರ್‌ಗೆ ರಿಪ್ಲೇಸ್‌ಮೆಂಟ್ ಹುಡುಕೋ ಯೋಚ್ನೆ ಬರುತ್ತೆ. ಎರಡನೇದು ಕಾರಣ, ಮೂರೇ ಸಾಲು, ಜೊತೆಗೆ ಡಾಕ್ಟರ್ ಪತ್ರ. ಡಿಸ್ಚಾರ್ಜ್ ಸಮ್ಮರಿ ಅಟ್ಯಾಚ್ ಮಾಡ್ಲಿಲ್ಲ. ಅದರಲ್ಲಿ ಅಮ್ಮನ ದೇಹದ ಸಮಸ್ತವೂ ಇರುತ್ತೆ, ಮೇಲ್ ಮ್ಯಾನೇಜರ್ ಇಂದ ಎಚ್ಆರ್‌ಗೆ, ಅಲ್ಲಿಂದ ಫೈನಾನ್ಸ್ ಹೆಡ್‌ಗೆ, ಎಲ್ಲೆಲ್ಲೋ ಫಾರ್ವರ್ಡ್ ಆಗುತ್ತೆ. ಡಾಕ್ಟ್ರ ಹತ್ರ ಲೆಟರ್‌ಹೆಡ್ಡಲ್ಲಿ ಎರಡು ಸಾಲು ಬರೆಸ್ಕೊಂಡೆ, ರೋಗಿಗೆ ಹನ್ನೆರಡು ವಾರ ಪೂರ್ಣಾವಧಿ ಒಬ್ರು ಜೊತೆಗಿರ್ಬೇಕು, ಮುಂದಿನ ತಪಾಸಣೆ ಇಂಥ ದಿನ ಅಂತ. ಅಷ್ಟು ಸಾಕು.

ಮೂರನೇದು ಆ ಪ್ಯಾರಾ. ರಜೆಯ ಅವಧಿಯಲ್ಲಿ ನಾನು ಕಂಪನಿಯ ರೋಲ್ಸಲ್ಲಿ ಇರ್ತೀನಿ ಅಂತ ಖಚಿತಪಡಿಸಿ. ಗ್ರೂಪ್ ಇನ್ಶೂರೆನ್ಸಲ್ಲಿ ನಾನೂ ತಾಯಿಯೂ ಆಕ್ಟಿವ್ ಇರ್ತೀವಿ ಅಂತ ಖಚಿತಪಡಿಸಿ. ಆಗಸ್ಟ್, ಸೆಪ್ಟೆಂಬರ್ ಪ್ರೀಮಿಯಂ ನಾನು ಈಗ್ಲೇ ಕಂಪನಿ ಖಾತೆಗೆ ಹಾಕ್ತೀನಿ. ಪಿಎಫ್ ಖಾತೆಯಲ್ಲಿ ಎಕ್ಸಿಟ್ ಡೇಟ್ ಹಾಕ್ಬೇಡಿ, ಸಂಬಳ ಇಲ್ಲದ ದಿನಗಳನ್ನ ಎನ್‌ಸಿಪಿ ಕಾಲಮ್ಮಲ್ಲಿ ತೋರಿಸಿ. ಕೊನೇದು ಯಾಕೆ ಅಂದ್ರೆ, ಪಿಎಫ್ ತಿಂಗಳ ರಿಟರ್ನಲ್ಲಿ ಕಾಂಟ್ರಿಬ್ಯೂಷನ್ ಇಲ್ಲದ ದಿನ ಎಷ್ಟು ಅಂತ ಹಾಕೋಕೆ ಒಂದು ಕಾಲಂ ಇದೆ, ಅದೇ ಎನ್‌ಸಿಪಿ. ಸಂಬಳ ಇಲ್ಲ ಅಂದ್ರೆ ಪಿಎಫ್ ಕಟ್ಟೋದೂ ಇಲ್ಲ, ಇದ್ದ ದುಡ್ಡಿಗೆ ಬಡ್ಡಿ ಬರ್ತಾ ಇರುತ್ತೆ, ಪೆನ್ಶನ್ ಲೆಕ್ಕದ ಸೇವೆಯಲ್ಲಿ ಅಷ್ಟು ದಿನ ಕಮ್ಮಿ ಆಗುತ್ತೆ. ನನ್ನ ವಯಸ್ಸಿಗೆ ಅದು ದೊಡ್ಡದಲ್ಲ. ಆದ್ರೆ ಹೊಸ ಹುಡುಗ ಯಾರೋ ಸೊನ್ನೆ ಸಂಬಳ ನೋಡಿ ಕೆಲ್ಸ ಬಿಟ್ಟಿದ್ದಾರೆ ಅಂದ್ಕೊಂಡು ಎಕ್ಸಿಟ್ ಡೇಟ್ ಹಾಕಿಬಿಟ್ರೆ ಅದನ್ನ ತೆಗೆಸೋಕೆ ಪಡೋ ಪಾಡು ನಾನು ಬೇರೆಯವ್ರ ಕೇಸಲ್ಲಿ ನೋಡಿದ್ದೀನಿ.

ಕೊನೆಗೆ ಹ್ಯಾಂಡೋವರ್, ಮ್ಯಾನೇಜರ್ ಓದೋದು ಇದನ್ನೇ. ನನ್ನ ಕೆಲ್ಸ ತಾರೀಕಿನ ಮೇಲೆ ನಡೆಯೋದು: ಏಳಕ್ಕೆ ಟಿಡಿಎಸ್, ಹದಿನೈದಕ್ಕೆ ಪಿಎಫ್, ಇಪ್ಪತ್ತಕ್ಕೆ ವೃತ್ತಿ ತೆರಿಗೆ, ಜುಲೈ ಕೊನೆಗೆ ಮೂರು ತಿಂಗಳ ಟಿಡಿಎಸ್ ರಿಟರ್ನ್. ಫಾರಂ 16 ಕೊಡೋ ಗಡುವು ಜೂನ್ 15, ಅದನ್ನ ಮುಗಿಸಿಯೇ ಹೋಗ್ತೀನಿ ಅಂತ ಬರ್ದೆ, ಅದಕ್ಕೇ ರಜೆ 18ರಿಂದ. ಅಲ್ಲಿ ತನಕ ಅತ್ತಿಗೆ ಪುಣೆಯಿಂದ ಬಂದು ಅಮ್ಮನ ಹತ್ರ ಇದ್ರು, ಟ್ಯೂಬ್ ಫೀಡ್ ಅವ್ರೇ ಮೊದಲು ಕಲಿತು ನನಗೆ ಕಲಿಸಿದ್ದು. ಪ್ರತಿ ತಾರೀಕಿನ ಮುಂದೆ ನಮ್ಮ ಟೀಮಿನ ಹುಡುಗನ ಹೆಸ್ರು ಬರ್ದೆ, ಅವ್ನನ್ನ ಮೊದಲೇ ಕೇಳಿ ಒಪ್ಪಿಸಿದ್ದೆ, ಕೇಳ್ದೇ ಹೆಸ್ರು ಹಾಕಿದ್ರೆ ಅಲ್ಲೇ ಕೆಡುತ್ತೆ.

ಉತ್ತರ ಬರೋಕೆ ಒಂದು ವಾರ ಆಯ್ತು. ಮ್ಯಾನೇಜರ್ ಅವತ್ತೇ ಬಾಯಲ್ಲಿ "ಆಯ್ತು, ಹೋಗಿ ಬನ್ನಿ" ಅಂದಿದ್ರು. ಬಾಯಿ ಮಾತಿಗೆ ಊರಿಗೆ ಹೋಗೋ ಹಾಗಿಲ್ಲ. ರಜೆ ಪೋರ್ಟಲಲ್ಲಿ ಅಪ್ರೂವ್ ಆಗಿರ್ದೇ ಇದ್ರೆ ನಾಳೆ ಮ್ಯಾನೇಜರ್ ಬದಲಾದ್ರೆ ಅದು ಹೇಳ್ದೇ ಕೇಳ್ದೇ ಗೈರುಹಾಜರಿ, ಎಷ್ಟೋ ಅಪಾಯಿಂಟ್‌ಮೆಂಟ್ ಲೆಟರ್‌ಗಳಲ್ಲಿ ರಜೆ ಮುಗಿದು ಎಂಟೋ ಹತ್ತೋ ದಿನ ಬರ್ಲಿಲ್ಲ ಅಂದ್ರೆ ಕೆಲ್ಸ ಬಿಟ್ಟ ಹಾಗೆ ಅಂತ ಒಂದು ಸಾಲು ಇರುತ್ತೆ, ತೆಗೆದು ಓದಿ. ಎಚ್ಆರ್ ಇಂದ ಬಂದ ಉತ್ತರದಲ್ಲಿ ರಜೆ ಮಂಜೂರು, ಪಿಎಫ್ ಸರಿ, ಆದ್ರೆ ಇನ್ಶೂರೆನ್ಸ್ ಬಗ್ಗೆ "ಪಾಲಿಸಿ ಪ್ರಕಾರ" ಅಂತ ಮಾತ್ರ ಇತ್ತು. ಆ ಎರಡು ಪದ ಏನೂ ಹೇಳಲ್ಲ. ಮತ್ತೆ ಕೇಳಿದೆ, ಟಿಪಿಎಗೆ ಕಳಿಸೋ ಪಟ್ಟಿಯಲ್ಲಿ ಆಗಸ್ಟ್ ತಿಂಗಳಲ್ಲಿ ನಮ್ಮಿಬ್ರ ಹೆಸ್ರು ಇರುತ್ತಾ ಇಲ್ವಾ, ಹೌದು ಅಥವಾ ಇಲ್ಲ ಅಂತ ತಿಳಿಸಿ ಅಂತ. ಸ್ವಲ್ಪ ಒರಟಾಯ್ತೇನೋ, ಇರ್ಲಿ. ಹೌದು ಅಂತ ಬಂತು. ಪ್ರೀಮಿಯಂ ಅವತ್ತೇ ಟ್ರಾನ್ಸ್‌ಫರ್ ಮಾಡಿ ರೆಫರೆನ್ಸ್ ನಂಬರ್ ಅದೇ ಮೇಲ್ ಥ್ರೆಡ್ಡಿಗೆ ಹಾಕಿದೆ.

ಆಗಸ್ಟ್ ಎರಡನೇ ವಾರ ಅಮ್ಮನಿಗೆ ಜ್ವರ, ಕೆಮ್ಮು, ಉಸಿರಾಡೋವಾಗ ಗೊರ ಗೊರ ಸದ್ದು. ಅಷ್ಟು ಜಾಗ್ರತೆ ಮಾಡಿದ್ರೂ ನ್ಯುಮೋನಿಯಾ. ಸ್ಟ್ರೋಕಲ್ಲಿ ನುಂಗೋದು ಕೆಟ್ಟವ್ರಿಗೆ ಟ್ಯೂಬ್ ಇದ್ರೂ ಎಂಜಲೇ ಒಳಗೆ ಹೋಗಿ ಹೀಗಾಗುತ್ತೆ ಅಂತ ಡಾಕ್ಟ್ರು ಹೇಳಿದ್ರು. ಮಳೇಲಿ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಮತ್ತೆ ಶಿವಮೊಗ್ಗಕ್ಕೆ. ಇನ್ಶೂರೆನ್ಸ್ ಡೆಸ್ಕಲ್ಲಿ ಹುಡುಗಿ ಇ-ಕಾರ್ಡ್ ನಂಬರ್ ಹೊಡೆದು ಸ್ಕ್ರೀನ್ ನೋಡ್ತಾ ಇದ್ದಾಗ ನನಗೆ ನನ್ನ ಆಗಸ್ಟ್ ಸಂಬಳದ ಸೊನ್ನೆ ಬಿಟ್ರೆ ಬೇರೇನೂ ಕಣ್ಣಿಗೆ ಬರ್ತಿರ್ಲಿಲ್ಲ. "ಆಕ್ಟಿವ್ ಇದೆ ಮೇಡಂ, ಆಧಾರ್ ಕೊಡಿ" ಅಂದ್ಲು. ಕ್ಯಾಶ್‌ಲೆಸ್ ಆಯ್ತು, ಡಿಸ್ಚಾರ್ಜ್ ಆದ್ಮೇಲೆ ಅರವತ್ತು ದಿನದ ಔಷಧಿ, ಬರೆದುಕೊಟ್ಟ ಫಿಸಿಯೋ ಬಿಲ್ಲುಗಳೂ ಆಮೇಲೆ ಕ್ಲೇಮ್ ಆದ್ವು, ನಮ್ಮ ಪಾಲಿಸಿಯಲ್ಲಿ ಅಷ್ಟಿತ್ತು.

ಆ ಅಡ್ಮಿಷನ್‌ನಿಂದ ಫಿಸಿಯೋ ಹಿಂದೆ ಬಿತ್ತು, ಹಾಗಾಗಿ ಸೆಪ್ಟೆಂಬರ್ ಕೊನೆ ತನಕ ವಿಸ್ತರಣೆ ಬೇಕಾಯ್ತು. ಅದನ್ನ ರಜೆ ಮುಗಿಯೋಕೆ ಮೂರು ವಾರ ಇರೋವಾಗ್ಲೇ ಹೊಸ ಡಾಕ್ಟರ್ ಪತ್ರದ ಜೊತೆ ಕೇಳಿದೆ. ಈ ಸಲ ಮ್ಯಾನೇಜರ್ ಧ್ವನಿ ಅಷ್ಟು ಮೃದು ಇರ್ಲಿಲ್ಲ, ಕೊಟ್ರು ಆದ್ರೆ ಇಂಕ್ರಿಮೆಂಟ್ ಲೆಕ್ಕದಲ್ಲಿ ಎಲ್ಒಪಿ ತಿಂಗಳು ಬಿಡ್ತೀವಿ ಅಂದ್ರು. ಬಿಟ್ರು ಕೂಡ. ಅದು ಅನ್ಯಾಯ ಅಂತ ನನಗೆ ಈಗ್ಲೂ ಅನ್ಸುತ್ತೆ, ಆದ್ರೆ ಪಾಲಿಸಿಯಲ್ಲಿ ಬರ್ದಿತ್ತು, ನಾನೇ ಬೇರೆಯವ್ರಿಗೆ ಓದಿ ಹೇಳಿದ್ದ ಸಾಲು ಅದು.

ಸೆಪ್ಟೆಂಬರಲ್ಲಿ ಟ್ಯೂಬ್ ತೆಗೆದ್ರು. ಈಗ ಅಮ್ಮ ವಾಕರ್ ಹಿಡ್ಕೊಂಡು ಜಗಲಿ ತನಕ ಬರ್ತಾರೆ, ಮಾತು ಅರ್ಧಂಬರ್ಧ, ಅಣ್ಣನ ಹೆಸ್ರು ಮಾತ್ರ ಸ್ಪಷ್ಟವಾಗಿ ಬರುತ್ತೆ, ಇಎಂಐ ಕಟ್ಟಿದ ಪುಣ್ಯ. ಹಗಲು ನೋಡ್ಕೊಳ್ಳೋಕೆ ಊರಲ್ಲೇ ಒಬ್ರು ಸಿಕ್ಕಿದ್ದಾರೆ, ರಾತ್ರಿ ಚಿಕ್ಕಮ್ಮ ಇರ್ತಾರೆ.

ಅಕ್ಟೋಬರ್ ಒಂದಕ್ಕೆ ವಾಪಸ್ ಬಂದು ಮೊದಲು ನನ್ನದೇ ಪಿಎಫ್ ಸಾಲು ತೆಗೆದು ನೋಡಿದೆ, ಆಗಸ್ಟಲ್ಲಿ ಎನ್‌ಸಿಪಿ 31 ಅಂತ ಸರಿಯಾಗೇ ಇತ್ತು. ನನ್ನ ಕೆಲ್ಸ ನೋಡ್ಕೊಂಡ ಹುಡುಗ ನಾನು ವರ್ಷಗಟ್ಲೆ ಬಳಸ್ತಿದ್ದ ಎಕ್ಸೆಲ್ ಶೀಟನ್ನ ಕೇಳ್ದೇ ಪೂರ್ತಿ ಬದಲಾಯಿಸಿಟ್ಟಿದ್ದ. ಎರಡು ದಿನ ಸಿಟ್ಟಲ್ಲೇ ಇದ್ದೆ, ಆಮೇಲೆ ನೋಡಿದ್ರೆ ಅವ್ನದೇ ಚೆನ್ನಾಗಿತ್ತು, ಅದನ್ನೇ ಬಳಸ್ತಿದ್ದೀನಿ. ನವೆಂಬರಲ್ಲಿ ಅವ್ನ ಅಕ್ಕನ ಮದುವೆ, "ಮೇಡಂ, ಇಪ್ಪತ್ತರಿಂದ ಮೂವತ್ತರ ತನಕ ನಾನಿರಲ್ಲ, ಸ್ಯಾಲರಿ ರನ್ ನೀವೊಬ್ರೇ" ಅಂದ. ತಿಂಗಳಲ್ಲಿ ಅದಕ್ಕಿಂತ ಕೆಟ್ಟ ಹತ್ತು ದಿನ ಹುಡುಕಿದ್ರೂ ಸಿಗಲ್ಲ. ಹೋಗಪ್ಪಾ ಅಂದೆ.